ಮೂರು ಚೀಲ, ಎರಡು ಬಾಗಿಲು

ಹೋದ ವರ್ಷದ ಡಿಸೆಂಬರ್‌ನಿಂದ ನನ್ನ ಅಕ್ಕನ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಧಾರವಾಡದ ಒಂದು ಶಾಲೆಯ ಮೈದಾನ. ವಾರ್ಷಿಕ ಮೇಳ. ನನ್ನ ಅಳಿಯ, ಅಂದರೆ ಅಕ್ಕನ ಮಗ, ವೇದಿಕೆಯ ಪಕ್ಕದಲ್ಲಿ ಇಳಿಬಿಟ್ಟ ಬಟ್ಟೆಯ ಹಿಂದೆ ಮುದುಡಿ ಕೂತಿದ್ದ. ಎರಡೂ ಕಿವಿಗೆ ಬೆರಳು ಒತ್ತಿಕೊಂಡು, ಮುಂದೆ ಹಿಂದೆ ತೂಗುತ್ತಾ, ಒಂದೇ ಸ್ವರದಲ್ಲಿ ಗುನುಗುತ್ತಿದ್ದ. ಬಂದು ಇನ್ನೂ ಹನ್ನೊಂದು ನಿಮಿಷ ಆಗಿತ್ತು ಅಷ್ಟೇ. ನಾನು ಓಡಿಹೋಗಿ, "ಮನಿಗೆ ಕರ್ಕೊಂಡು ಹೋಗಕ್ಕಾ, ಇವಂಗ ಜಾತ್ರಿ ಆಗಿಬರಂಗಿಲ್ಲ" ಅಂದೆ. ಅಕ್ಕ ಅವನ ಬೆನ್ನ ಮೇಲೆ ಕೈ ಒತ್ತಿ ಹಿಡಿದುಕೊಂಡೇ ಹೇಳಿದಳು: "ಇವಂಗ ಆಟ ಬೇಕು ತಮ್ಮಾ. ಗದ್ದಲ ಬ್ಯಾಡ. ಎರಡೂ ಬ್ಯಾರೆ ಬ್ಯಾರೆ ಅದಾವು."

ಆ ಗದ್ದಲ ನನ್ನದೇ ಆಗಿತ್ತು. ನಾನು ಹುಬ್ಬಳ್ಳಿಯಲ್ಲಿ ಪೆಂಡಾಲ್ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಆ ಮೇಳದ ಸ್ಪೀಕರ್ ಕಟ್ಟಿದ್ದೂ ನಾನೇ, ಹಾಡು ಜೋರು ಮಾಡಿದ್ದೂ ನಾನೇ. ಹುಡುಗ ತಿಂಗಳಿಂದ ಆ ದಿನಕ್ಕೆ ಕಾದಿದ್ದ. ಮನೆಯಲ್ಲಿ ಅಕ್ಕನ ಹಳೆಯ ಬಳೆಗಳನ್ನು ನೀರಿನ ಬಾಟಲಿಗೆ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಮೇಳದಲ್ಲಿ ರಿಂಗ್ ಎಸೆಯುವ ಆಟ ಇರುತ್ತದೆ ಅಂತ ಅಣ್ಣನಿಂದ ಕೇಳಿದ್ದ. ಅವನಿಗೆ ಆಗ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಕಡಿಮೆ. ಆಡಿದ ಮಾತನ್ನೇ ಮತ್ತೆ ಮತ್ತೆ ಆಡುತ್ತಾನೆ. ಆ ತಿಂಗಳೆಲ್ಲಾ ಆಡಿದ್ದು "ರಿಂಗ್ ಮಾಮಾ, ರಿಂಗ್" ಅನ್ನುವ ಮಾತು. ಬಂದವನು ಆ ಮಳಿಗೆಯ ಹತ್ತಿರಕ್ಕೂ ಹೋಗಲಾಗಲಿಲ್ಲ.

ಈ ವರ್ಷ ಅದೇ ಮೇಳದಲ್ಲಿ ಅವನಿಗಾಗಿ ಒಂದು ಆಟದ ಮಳಿಗೆ ಕಟ್ಟಿದೆವು. ನಾನು, ಅಕ್ಕ, ಅವನ ಥೆರಪಿ ಟೀಚರ್, ಮತ್ತು ಎಂಟನೇ ತರಗತಿಯ ಇಬ್ಬರು ಮಕ್ಕಳು. ಇದನ್ನು ಬರೆಯುತ್ತಿರುವುದು ಯಾಕೆಂದರೆ, ನಾನು ಮೊದಲು ಅಂದುಕೊಂಡಿದ್ದು ಅರ್ಧ ತಪ್ಪಾಗಿತ್ತು. ಶಬ್ದ ಕಡಿಮೆ ಮಾಡಿದರೆ ಮುಗಿಯಿತು ಅಂತ ನನ್ನ ಲೆಕ್ಕ. ಶಬ್ದದ ಕೆಲಸ ದೊಡ್ಡದೇ, ಆದರೆ ಅದು ಕೆಲಸದ ಅರ್ಧವೂ ಅಲ್ಲ.

ಮೊದಲು ಜಾಗ

ಮೈಕ್ ಸೆಟ್‌ನವರಿಗೆಲ್ಲಾ ಗೊತ್ತಿರುವ ಲೆಕ್ಕ ಒಂದಿದೆ. ಬಯಲಲ್ಲಿ ಸ್ಪೀಕರ್‌ನಿಂದ ನೀವು ನಿಂತಿರುವ ದೂರವನ್ನು ಎರಡು ಪಟ್ಟು ಮಾಡಿದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅದು ಅರ್ಧದಷ್ಟಾದಂತೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಂದರೆ ಎರಡು ಪಟ್ಟು ದೂರ ಹೋದರೂ ಸಾಲದು. ಶಾಲೆಯ ಮೈದಾನ ಅಷ್ಟು ದೊಡ್ಡದಿರುವುದಿಲ್ಲ. ಬರೀ ದೂರವನ್ನು ನಂಬಿ ಕೂತರೆ ಆಗುವುದಿಲ್ಲ.

ಮೇಳದ ಹಿಂದಿನ ವಾರ ಸ್ಪೀಕರ್ ಇಟ್ಟು, ಹಾಡು ಹಾಕಿ, ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ತೆರೆದು ಮೈದಾನ ಸುತ್ತಿದೆ. ಫೋನಿನ ಅಳತೆ ಪಕ್ಕಾ ಅಲ್ಲ. ಆದರೆ ಅದೇ ಫೋನು, ಅದೇ ಹಾಡು, ಅದೇ ವಾಲ್ಯೂಮ್ ಇದ್ದರೆ, ಯಾವ ಜಾಗ ಯಾವುದಕ್ಕಿಂತ ಮೆತ್ತಗೆ ಅಂತ ಹೋಲಿಸಿ ನೋಡುವುದಕ್ಕೆ ಸಾಕು. ಹನ್ನೆರಡು ಹೆಜ್ಜೆ ದೂರದಲ್ಲಿ 88 ತೋರಿಸಿತು. ಇಪ್ಪತ್ನಾಲ್ಕು ಹೆಜ್ಜೆಯಲ್ಲಿ 82. ನಲವತ್ತೆಂಟರಲ್ಲಿ 76. ಲೆಕ್ಕ ಸರಿ ಇತ್ತು. ಶಾಲೆಯವರು ನಮಗೆ ಕೊಟ್ಟಿದ್ದು ಕಂಪೌಂಡಿನ ಮೂಲೆ. ಅದು ಇನ್ನೂ ದೂರ, ಸ್ಕೂಟರ್ ನಿಲ್ಲಿಸುವ ತಗಡಿನ ಶೆಡ್ಡಿನ ಪಕ್ಕ. ನೋಡಿದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನಿಸುತ್ತದೆ. ಅಲ್ಲಿ 73, 74 ಬರಬೇಕಿತ್ತು. ಬಂದಿದ್ದು 79. ಎರಡು ಗೋಡೆ ಕೂಡುವ ಮೂಲೆ, ಮೇಲೆ ತಗಡು. ಬಂದ ಶಬ್ದವೆಲ್ಲಾ ಅಲ್ಲಿ ಬಡಿದು ವಾಪಸ್ ಬರುತ್ತಿತ್ತು. ದೂರದ ಮೂಲೆ ಅಂದರೆ ಶಾಂತ ಮೂಲೆ ಅಂತ ಎಷ್ಟೋ ಕಡೆ ಇಂಥ ಜಾಗವನ್ನೇ ಕೊಡುತ್ತಾರೆ. ಹೋಗಿ ನಿಂತು ಕೇಳದೆ ಒಪ್ಪಿಕೊಳ್ಳಬಾರದು.

ಕೊನೆಗೆ ಸಿಕ್ಕಿದ್ದು ವೇದಿಕೆಯ ಹಿಂಬದಿ, ಆರನೇ ತರಗತಿಯ ಕೋಣೆಗಳ ಆಚೆ, ಬೇವಿನ ಮರದ ಹತ್ತಿರ. ವೇದಿಕೆಯಿಂದ ಅದು ದೂರವೇ ಅಲ್ಲ. ಆದರೆ ಸ್ಪೀಕರ್‌ಗಳ ಮುಖ ಆ ಕಡೆ, ಬೆನ್ನು ಈ ಕಡೆ. ನಡುವೆ ಕಟ್ಟಡ ಬೇರೆ. ಅಲ್ಲಿ ಫೋನು 66 ತೋರಿಸಿತು. ಸ್ಪೀಕರ್‌ನ ಕೀರಲು ಶಬ್ದ ಟಾರ್ಚಿನ ಬೆಳಕಿನ ಹಾಗೆ ಮುಂದಕ್ಕೇ ಹೋಗುತ್ತದೆ. ಆದರೆ ಬೇಸ್ ಹಾಗಲ್ಲ. ಅದು ಹೊಗೆಯ ಹಾಗೆ ಎಲ್ಲಾ ಕಡೆ ಹರಡುತ್ತದೆ, ಕಟ್ಟಡ ಸುತ್ತಿ ಬರುತ್ತದೆ, ಬಟ್ಟೆ ದಾಟಿ ಬರುತ್ತದೆ. ಎದೆಗೆ ಗುಮ್ ಗುಮ್ ಅಂತ ಬಡಿಯುವುದು ಅದೇ. ಅದನ್ನು ತಡೆಯುವ ದಾರಿ ಒಂದೇ, ಬೇಸ್ ಬಾಕ್ಸ್ ತರದೇ ಇರುವುದು. ಹೆಡ್‌ಮಿಸ್ಟ್ರೆಸ್ ಹತ್ತಿರ ಮಾತಾಡಿ, ಈ ಸಲ ಎರಡು ಬೇಸ್ ಬಾಕ್ಸ್‌ಗಳನ್ನು ಗೋದಾಮಿನಲ್ಲೇ ಬಿಟ್ಟುಬಂದೆ. ಮಕ್ಕಳ ಕುಣಿತಕ್ಕೆ ಏನೂ ಕಡಿಮೆ ಆಗಲಿಲ್ಲ.

ಹಾಗಾದರೆ ಒಂದು ಕ್ಲಾಸ್‌ರೂಮನ್ನೇ ತೆಗೆದುಕೊಳ್ಳಬಹುದಿತ್ತಲ್ಲ? ಎಲ್ಲರೂ ಕೇಳಿದರು. ಬಾಗಿಲು ಹಾಕಿದರೆ ಅಲ್ಲಿ 58 ಇತ್ತು. ನನಗೂ ಆಸೆ ಆಯಿತು. ಬೇಡ ಅಂದಿದ್ದು ಥೆರಪಿ ಟೀಚರ್. "ಬಾಗಲಾ ಹಾಕಿದ ಖೋಲಿ ಒಳಗ ಆಡಿದ್ರ ಅವ ಜಾತ್ರಿಗೆ ಬಂದಂಗ ಆಗಂಗಿಲ್ರಿ. ಅವಂಗ ಜಾತ್ರಿ ಕಾಣಬೇಕು, ಮೈಮ್ಯಾಲ ಬರಬಾರದು" ಅಂದರು. ಅದರ ಮೇಲೆ ಬರಿಗೋಡೆ, ಫರಸಿ ನೆಲ. ನಾಲ್ಕು ಮಕ್ಕಳು ಒಟ್ಟಿಗೆ ಮಾತಾಡಿದರೂ ಒಳಗೆ ಅದೇ ದೊಡ್ಡ ಗದ್ದಲ. ಹಾಗಾಗಿ ಬೇವಿನ ಮರದ ಕೆಳಗೇ ಮಳಿಗೆ ಹಾಕಿದೆವು. ಅದರ ಬಾಯಿಂದ, ಎರಡು ಕಟ್ಟಡಗಳ ಸಂದಿಯಲ್ಲಿ, ಮೇಳದ ಒಂದು ತುಂಡು ಕಾಣುತ್ತಿತ್ತು. ಬಣ್ಣದ ಬಟ್ಟೆ, ಓಡಾಡುವ ಮಕ್ಕಳು, ಗಿರ್ಮಿಟ್ ಅಂಗಡಿಯ ಮುಂದಿನ ಜನ. ಟಿವಿಯ ದನಿ ಕಡಿಮೆ ಮಾಡಿ ನೋಡಿದ ಹಾಗೆ.

ಒಂದೇ ಸಮ ಬರುವ ಶಬ್ದಕ್ಕಿಂತ ಹಠಾತ್ತಾಗಿ ಬರುವ ಶಬ್ದ ಇಂಥ ಮಕ್ಕಳನ್ನು ಹೆಚ್ಚು ಕಾಡುತ್ತದೆ. ಅದಕ್ಕೆ ಎರಡು ವಿಷಯ ಮುಂಚೆಯೇ ಮಾತಾಡಿಕೊಂಡೆವು. ಬಲೂನಿಗೆ ಬಂದೂಕು ಹೊಡೆಯುವ ಆಟವನ್ನು ಗೇಟಿನ ಕಡೆ ಕಳಿಸಿದೆವು. ಇನ್ನೊಂದು, ಮೈಕ್ ಕುಂಯ್ ಅನ್ನುವುದು. ಮೈಕ್ ಹಿಡಿದುಕೊಂಡು ಸ್ಪೀಕರ್ ಮುಂದೆ ಹಾದರೆ ಅದು ಕೂಗಿಯೇ ಕೂಗುತ್ತದೆ. ವೇದಿಕೆಯ ಮೇಲೆ ಸುಣ್ಣದಿಂದ ಗೆರೆ ಎಳೆದು, ಇದರಾಚೆ ಮೈಕ್ ಒಯ್ಯಬೇಡಿ ಅಂತ ನಿರೂಪಣೆ ಮಾಡುವವರಿಗೆ ಹೇಳಿದ್ದೆ. ಪೂರ್ತಿ ಫಲ ಕೊಡಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಕೌದಿ

ಮಳಿಗೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ. ನಮ್ಮ ಗೋದಾಮಿನಲ್ಲಿರುವ ಮಾಮೂಲಿ ಕಬ್ಬಿಣದ ಪೈಪಿನ ಚೌಕಟ್ಟು. ಸಾಮಾನ್ಯವಾಗಿ ಅದಕ್ಕೆ ಕೆಂಪು, ಹಳದಿ, ನೀಲಿ ಪಟ್ಟೆಯ ಬಟ್ಟೆ ಕಟ್ಟುತ್ತೇವೆ. ಬಿಸಿಲಿಗೆ ಆ ಕೆಂಪು ಒಳಗಿದ್ದವರ ಮುಖದ ಮೇಲೆಲ್ಲಾ ಬೀಳುತ್ತದೆ. ಗಾಳಿಗೆ ಪಟ್ಟೆಗಳು ಅಲುಗಾಡುತ್ತವೆ. ನಮಗೆ ಅದು ಹಬ್ಬ. ಕಣ್ಣಿಗೆ ಬಿದ್ದ ಏನನ್ನೂ ನೋಡದೆ ಬಿಡಲಾಗದ ಹುಡುಗನಿಗೆ ಅದು ಬಟ್ಟೆಯೊಳಗಿನ ಇನ್ನೊಂದು ಗದ್ದಲ. ಈ ಸಲ ಬಣ್ಣ ಹಾಕದ ಖಾದಿ ಬಟ್ಟೆ ತಂದು ಒಳಗೆ ಕಟ್ಟಿದೆವು. ಸೀರಿಯಲ್ ಲೈಟ್ ಇಲ್ಲ, ಟ್ಯೂಬ್‌ಲೈಟ್ ಇಲ್ಲ. ಖಾದಿಯಿಂದ ಸೋಸಿ ಬಂದ ಹಗಲ ಬೆಳಕು ಮಾತ್ರ.

ತೆಳು ಬಟ್ಟೆ ಶಬ್ದ ತಡೆಯುವುದಿಲ್ಲ. ಪರದೆ ಎಳೆದರೆ ಶಬ್ದ ನಿಂತಿತು ಅಂತ ಕಣ್ಣು ನಂಬುತ್ತದೆ, ಕಿವಿಗೆ ಏನೂ ವ್ಯತ್ಯಾಸ ಇರುವುದಿಲ್ಲ. ತೂಕ ಬೇಕು, ದಪ್ಪ ಬೇಕು. ನಮ್ಮ ಅವ್ವನ ಟ್ರಂಕಿನಲ್ಲಿ ಆರು ಕೌದಿಗಳಿದ್ದವು. ಹಳೆಯ ಸೀರೆ, ಧೋತರದ ತುಂಡು ಪದರ ಪದರವಾಗಿ ಹಾಕಿ ಕೈಯಿಂದ ಹೊಲಿದವು, ಒಂದೊಂದೂ ಎತ್ತಲು ಭಾರ. ಅವನ್ನು ಮೂರು ಬದಿಗೆ ಹೊರಗಡೆಯಿಂದ ಇಳಿಬಿಟ್ಟೆವು. ಕೌದಿಯ ಚೌಕ ಚೌಕ ಬಣ್ಣ ಒಳಗೆ ಕಾಣಬಾರದು ಅಂತಲೇ ಹೊರಗೆ. ಕೌದಿಗೂ ಖಾದಿಗೂ ನಡುವೆ ನಾಲ್ಕು ಬೆರಳಷ್ಟು ಸಂದಿ ಬಿಟ್ಟೆವು. ಎರಡನ್ನೂ ಒಂದಕ್ಕೊಂದು ಅಂಟಿಸಿ ಕಟ್ಟಿದ್ದಕ್ಕಿಂತ ಹೀಗೆ ಸಂದಿ ಬಿಟ್ಟಾಗ ಫೋನಿನಲ್ಲಿ ಇನ್ನೆರಡು ಡೆಸಿಬೆಲ್ ಕಡಿಮೆ ತೋರಿಸಿತು. ಒಟ್ಟು ಐದಾರು ಡೆಸಿಬೆಲ್ ಇಳಿಯಿತು. ದೊಡ್ಡದಲ್ಲ. ಆದರೆ ಚುಚ್ಚುವ ಶಬ್ದಗಳ ಮೊನೆ ಮೊಂಡಾಯಿತು. ಸ್ಟೀಲ್ ತಟ್ಟೆ ಬಿದ್ದದ್ದು, ಸೀಟಿ, ಮಕ್ಕಳ ಕಿರುಚಾಟ, ಇವು ಕೌದಿಗೆ ಬಗ್ಗುತ್ತವೆ.

ಮೇಳಕ್ಕೆ ನಾಲ್ಕು ದಿನ ಮೊದಲು ಹುಡುಗನನ್ನು ಕರೆತಂದು ತೋರಿಸಿದೆವು. ಮೈದಾನ ಖಾಲಿ, ಹಾಡಿಲ್ಲ, ಜನ ಇಲ್ಲ. ಬಾಗಿಲ ಹತ್ತಿರ ಬಂದವನೇ ಕಿವಿ ಮುಚ್ಚಿಕೊಂಡ. ಹಿಂದೆ ಸರಿದ. ಗುನುಗಲು ಶುರು ಮಾಡಿದ. ನನಗೆ ಅರ್ಥವೇ ಆಗಲಿಲ್ಲ. ಯಾವ ಶಬ್ದ? ಜನರೇಟರ್ ಇಲ್ಲ, ಫ್ಯಾನಿಲ್ಲ. ಅರ್ಧ ಗಂಟೆ ನಾನು ಶಬ್ದ ಹುಡುಕುತ್ತಾ ಓಡಾಡಿದೆ. ಪೈಪ್ ಗಾಳಿಗೆ ಸಿಳ್ಳೆ ಹಾಕುತ್ತಿದೆಯೇನೋ ಅಂತ ತುದಿಗಳಿಗೆ ಬಟ್ಟೆ ತುರುಕಿದೆ. ಕೊನೆಗೆ ಅಕ್ಕ ಒಳಗೆ ಹೋಗಿ ನಿಂತು, ಮೂಗು ಮುಚ್ಚಿಕೊಂಡು ಹೊರಬಂದಳು. "ಡಾಂಬರ ಗುಳಿಗಿ ವಾಸನಿ, ತಮ್ಮಾ!"

ಅವ್ವ ಟ್ರಂಕಿನಲ್ಲಿ ಹುಳ ಹಿಡಿಯದಿರಲಿ ಅಂತ ಹಾಕಿಟ್ಟ ಗುಳಿಗೆ. ನಮಗೆ ಅದು ವಾಸನೆಯೇ ಅಲ್ಲ, ಹಾಸಿಗೆಯ ವಾಸನೆ ಅಂದರೆ ಅದೇ. ಥೆರಪಿ ಟೀಚರ್ ಆಮೇಲೆ ವಿವರಿಸಿದರು. ಕಿವಿ ಮುಚ್ಚಿಕೊಂಡರೆ ತೊಂದರೆ ಶಬ್ದದಿಂದಲೇ ಅಂತ ಹೇಳಲಾಗದು. ಯಾವುದೇ ದಾರಿಯಿಂದ ಜಾಸ್ತಿ ಆದರೂ, ಅವನಿಗೆ ಗೊತ್ತಿರುವ ಬಾಗಿಲು ಮುಚ್ಚುವ ರೀತಿ ಅದೊಂದೇ. ವಾಸನೆ ಇರಬಹುದು, ಬೆಳಕು ಇರಬಹುದು, ಕುತ್ತಿಗೆಗೆ ಚುಚ್ಚುವ ಅಂಗಿಯ ಲೇಬಲ್ ಇರಬಹುದು. ಕೌದಿಗಳನ್ನು ಒಗೆದು ಮೂರು ದಿನ ಬಿಸಿಲಿಗೆ ಹಾಕಿದೆವು. ಮೊದಲು ಖಾಲಿ ಮಳಿಗೆಗೆ ಕರೆತಂದಿದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗಲೂ ಅಂದುಕೊಳ್ಳುತ್ತೇನೆ. ಮೇಳದ ದಿನವೇ ಹೀಗಾಗಿದ್ದರೆ ನಾನು ತಪ್ಪನ್ನು ಸ್ಪೀಕರ್ ಮೇಲೆ ಹಾಕಿ, ಗುಳಿಗೆಯನ್ನು ಎಂದೂ ಹುಡುಕುತ್ತಿರಲಿಲ್ಲ.

ಆಟ ಎಲ್ಲಿ ಮುಗಿಯುತ್ತದೆ

ರಿಂಗ್ ಎಸೆಯುವ ಆಟವನ್ನು ಹಾಗೇ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಹಟವಾಗಿತ್ತು. ಅವನು ಕೇಳಿದ್ದು ಅದನ್ನೇ ಅಲ್ವಾ? ಆದರೆ ಮಾಮೂಲಿ ರಿಂಗ್ ಆಟವನ್ನು ಅವನ ಕಣ್ಣಿಂದ ಒಂದು ಸಲ ನೋಡಿ. ಎಸೆದ ರಿಂಗ್ ಟಣ್ ಅಂತ ಬೀಳುತ್ತದೆ. ಬಿದ್ದದ್ದು ಎಲ್ಲಿಗೋ ಉರುಳುತ್ತದೆ. ಬಿದ್ದರೆ ಸುತ್ತಲಿನವರು ಹೋ ಅನ್ನುತ್ತಾರೆ, ಬೀಳದಿದ್ದರೆ ಅಯ್ಯೋ ಅನ್ನುತ್ತಾರೆ. ಯಾವುದು ಬರುತ್ತದೋ ಮೊದಲೇ ಗೊತ್ತಿಲ್ಲ. ಇನ್ನೆಷ್ಟು ಸಲ ಎಸೆಯಬೇಕು ಅಂತ ಗೊತ್ತಿಲ್ಲ. ಬಹುಮಾನ ಸಿಗುತ್ತದೋ ಇಲ್ಲವೋ, ಸಿಕ್ಕರೆ ಏನು, ಅದೂ ಗೊತ್ತಿಲ್ಲ. ನಮಗೆ ಮಜಾ ಅನಿಸುವುದು ಆ ಗೊತ್ತಿಲ್ಲದಿರುವಿಕೆ. ಅವನಿಗೆ ಕಷ್ಟ ಆಗುವುದೂ ಅದೇ.

ಥೆರಪಿ ಕೇಂದ್ರದಲ್ಲಿ ಅವನು ಕೆಲಸ ಮಾಡುವ ರೀತಿಯನ್ನು ನೋಡಿಬಂದೆ. ಮೇಜಿನ ಎಡಗಡೆ ಒಂದು ಬುಟ್ಟಿ, ಮಾಡಬೇಕಾದದ್ದು ಅದರಲ್ಲಿ. ಬಲಗಡೆ ಇನ್ನೊಂದು, ಮುಗಿದದ್ದು ಅದರಲ್ಲಿ. ಎಡಗಡೆಯದು ಖಾಲಿಯಾದರೆ ಕೆಲಸ ಮುಗಿಯಿತು. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅಮೆರಿಕದ ನಾರ್ತ್ ಕರೋಲಿನಾದಲ್ಲಿ ಬೆಳೆದ ಟೀಚ್ ಅನ್ನುವ ಪದ್ಧತಿಯಿಂದ ಬಂದದ್ದಂತೆ ಇದು. ಏನು ಮಾಡಬೇಕು, ಎಷ್ಟು ಮಾಡಬೇಕು, ಯಾವಾಗ ಮುಗಿಯುತ್ತದೆ, ಆಮೇಲೆ ಏನು, ಈ ನಾಲ್ಕಕ್ಕೂ ಉತ್ತರ ಕಣ್ಣಿಗೇ ಸಿಗಬೇಕು. ನಾವು ಮೇಳದ ಆಟಕ್ಕೂ ಅದನ್ನೇ ತಂದೆವು.

ಎಡಗಡೆ ಸ್ಟೂಲಿನ ಮೇಲೆ ಒಂದು ಬುಟ್ಟಿ, ಅದರಲ್ಲಿ ಮೂರು ಸಣ್ಣ ಬಟ್ಟೆಯ ಚೀಲ. ಒಂದೊಂದರಲ್ಲೂ 200 ಗ್ರಾಂ ಜೋಳ. ರಿಂಗನ್ನು ಬಿಟ್ಟು ಚೀಲಕ್ಕೆ ಬಂದದ್ದು ಎರಡು ಕಾರಣಕ್ಕೆ. ಬಿದ್ದರೆ ಸದ್ದಿಲ್ಲ. ಮತ್ತೆ ಕೈಗೆ ತೂಕ ಸಿಗುತ್ತದೆ. ಅವನಿಗೆ ಹಗುರ ವಸ್ತು ಹಿಡಿದರೆ ಕಿರಿಕಿರಿ, ಭಾರದ್ದು ಹಿಡಿದರೆ ಕೈ ನಿಲ್ಲುತ್ತದೆ. ನಾಲ್ಕು ಅಡಿ ಮುಂದೆ ಇನ್ನೊಂದು ಬುಟ್ಟಿ. ನಿಲ್ಲುವ ಜಾಗದಲ್ಲಿ ಬಟ್ಟೆಯ ಮೇಲೆ ಹೊಲಿದ ಎರಡು ಪಾದದ ಗುರುತು.

ಗುರಿ ತಪ್ಪಿದರೆ? ಇದರ ಮೇಲೆ ನಾವು ಬಹಳ ಹೊತ್ತು ತಲೆ ಕೆಡಿಸಿಕೊಂಡೆವು. ನೆಲಕ್ಕೆ ಬಿದ್ದ ಚೀಲ ಬುಟ್ಟಿಗೆ ಸೇರದೆ ಉಳಿದರೆ ಅವನ ಪಾಲಿಗೆ ಆಟ ಮುಗಿದಂತಾಗುವುದಿಲ್ಲ. ಅದು ಅವನನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಬುಟ್ಟಿಯ ಹಿಂದೆ ಮತ್ತು ಎರಡು ಬದಿಗೆ ಇಳಿಜಾರು ಮಾಡಿದೆವು. ಪ್ಲೈವುಡ್ ಹಲಗೆ, ಅದರ ಮೇಲೆ ಬಟ್ಟೆ. ಎಲ್ಲಿ ಬಿದ್ದರೂ ಚೀಲ ಜಾರಿ ಬುಟ್ಟಿಗೇ ಬರಬೇಕು. ಮೊದಲು ಖಾದಿ ಹಾಕಿದ್ದೆವು. ಜೋಳದ ಚೀಲ ಅರ್ಧಕ್ಕೇ ನಿಂತುಬಿಟ್ಟಿತು. ಹಲಗೆಯ ಇಳಿಜಾರನ್ನು ಇನ್ನೂ ಹೆಚ್ಚು ಮಾಡಿ, ಅಕ್ಕನ ಹಳೆಯ ಸ್ಯಾಟಿನ್ ಲಂಗದ ಬಟ್ಟೆ ಬಿಗಿಯಾಗಿ ಹೊದಿಸಿದ ಮೇಲೆ ಸರಾಗ ಜಾರಿತು. ಪ್ಲಾಸ್ಟಿಕ್ ಹಾಳೆ ಹಾಕಿದ್ದರೆ ಇನ್ನೂ ಚೆನ್ನಾಗಿ ಜಾರುತ್ತಿತ್ತು, ಆದರೆ ಚರಪರ ಅನ್ನುತ್ತಿತ್ತು. ಹೀಗೆ ಎಸೆದದ್ದೆಲ್ಲಾ ಬುಟ್ಟಿಗೇ ಬೀಳುತ್ತದಲ್ಲ, ಇದು ಆಟವೇನು ಅಂತ ಒಬ್ಬ ಮೇಷ್ಟ್ರು ಕೇಳಿದರು. ಆ ಮಾತು ನನಗೂ ಚುಚ್ಚಿತು. ಆದರೆ ಆ ದಿನ ನೋಡಿದೆ. ನೇರ ಬುಟ್ಟಿಗೆ ಹಾಕಬೇಕು ಅನ್ನುವವರು ನೇರ ಹಾಕಲು ನೋಡಿದರು, ಜಾರುವುದನ್ನು ನೋಡಬೇಕು ಅನ್ನುವವರು ಬೇಕಂತಲೇ ಹಲಗೆಗೆ ಎಸೆದರು. ಇಬ್ಬರಿಗೂ ಅದು ಆಟವೇ ಆಗಿತ್ತು.

ಬಹುಮಾನ ಒಂದು ಪೆನ್ಸಿಲ್. ಎಲ್ಲರಿಗೂ ಅದೇ. ಆಡುವ ಮೊದಲೇ ಬಣ್ಣ ಆರಿಸಿ, ಹೊರಹೋಗುವ ಬಾಗಿಲ ಹತ್ತಿರದ ತಟ್ಟೆಯಲ್ಲಿ ಇಡುವುದು. ಆಡಿದ ಮೇಲೆ ಹೋಗುವಾಗ ಎತ್ತಿಕೊಳ್ಳುವುದು. ಇದರಿಂದ ಹೊರಗೆ ಹೋಗುವುದಕ್ಕೂ ಒಂದು ಕಾರಣ ಸಿಗುತ್ತದೆ. ಆಟ ಬಿಟ್ಟು ಹೊರಡುವ ಗಳಿಗೆಯಲ್ಲೇ ಇಂಥ ಮಕ್ಕಳಿಗೆ ಜಾಸ್ತಿ ಕಷ್ಟ.

ಬಾಗಿಲು ಎರಡು ಇಟ್ಟದ್ದೂ ಅದಕ್ಕೇ. ಒಂದರಲ್ಲಿ ಬರುವುದು, ಒಂದರಲ್ಲಿ ಹೋಗುವುದು. ಎದುರು ಬರುವವರಿಗೆ ಮೈ ತಾಗಬಾರದು. ಬರುವ ಬಾಗಿಲನ್ನು ಅಗಲ ಮಾಡಿದೆವು, ಒಳಗೆ ಕಾಲಿಡುವ ಮೊದಲೇ ಒಳಗಿರುವುದೆಲ್ಲಾ ಕಾಣಲಿ ಅಂತ. ಹೋಗುವ ಬಾಗಿಲು ಪಾದದ ಗುರುತಿನ ಮೇಲೆ ನಿಂತಾಗಲೇ ಕಣ್ಣಿಗೆ ಬೀಳಬೇಕು, ಅದರ ಮುಂದೆ ಯಾರೂ ನಿಲ್ಲಬಾರದು. ಮೊದಲು ನಾನು ಅಲ್ಲಿಗೂ ಒಂದು ಪರದೆ ಇಳಿಬಿಟ್ಟಿದ್ದೆ, ಶಬ್ದ ಇನ್ನಷ್ಟು ಕಡಿಮೆ ಆಗಲಿ ಅಂತ. ಟೀಚರ್ ತೆಗೆಸಿದರು. ಎರಡು ಡೆಸಿಬೆಲ್‌ಗಿಂತ ಕಾಣುವ ಬಾಗಿಲು ದೊಡ್ಡದು ಅಂದರು. ನಾನು ಇಷ್ಟು ವರ್ಷ ಪೆಂಡಾಲ್ ಕಟ್ಟಿದ್ದರೂ ಬಾಗಿಲನ್ನು ಹೀಗೆ ಯೋಚಿಸಿರಲಿಲ್ಲ. ಬೇಕೆಂದಾಗ ಹೋಗಬಹುದು ಅಂತ ಗೊತ್ತಿದ್ದವನು ಸ್ವಲ್ಪ ಹೊತ್ತು ಹೆಚ್ಚು ನಿಲ್ಲುತ್ತಾನೆ.

ಇದನ್ನೆಲ್ಲಾ ಐದು ಫೋಟೋ ತೆಗೆದೆವು. ಮಳಿಗೆಯ ಬಾಗಿಲು, ಪಾದದ ಗುರುತು, ಮೂರು ಚೀಲದ ಬುಟ್ಟಿ, ಚೀಲ ಬಿದ್ದ ಬುಟ್ಟಿ, ಪೆನ್ಸಿಲ್ ಮತ್ತು ಹೋಗುವ ಬಾಗಿಲು. ಅಕ್ಕ ಮೂರು ದಿನ ರಾತ್ರಿ ಮಲಗುವ ಮುಂಚೆ ಅವನಿಗೆ ತೋರಿಸಿದಳು. ಅವೇ ಫೋಟೋಗಳನ್ನು ಮಳಿಗೆಯ ಹೊರಗೂ ಸಾಲಾಗಿ ಅಂಟಿಸಿದೆವು. ಇದರಲ್ಲಿ ಒಂದು ಅಪಾಯ ಇದೆ. ಫೋಟೋದಲ್ಲಿ ಇದ್ದದ್ದೇ ಅಲ್ಲಿ ಇರಬೇಕು. ಬುಟ್ಟಿ ಬದಲಾದರೂ, ಸ್ಟೂಲು ಆಚೀಚೆ ಆದರೂ, ಫೋಟೋ ತೋರಿಸದೇ ಇದ್ದದ್ದಕ್ಕಿಂತ ಕೆಟ್ಟದಾಗುತ್ತದೆ. ಫೋಟೋ ತೆಗೆದ ಮೇಲೆ ನಾನು ಒಂದು ಮೊಳೆಯನ್ನೂ ಕದಲಿಸಲಿಲ್ಲ.

ಇಬ್ಬರು ಮಕ್ಕಳು

ಮಳಿಗೆ ನೋಡಿಕೊಂಡ ಆ ಎಂಟನೇ ತರಗತಿಯ ಹುಡುಗ, ಹುಡುಗಿಗೆ ಟೀಚರ್ ಹೇಳಿಕೊಟ್ಟದ್ದು ಮೂರೇ ಮಾತು. ಎದುರಿಗೆ ಕೂರಬೇಡಿ, ಪಕ್ಕಕ್ಕೆ ಕೂರಿ. ಒಂದು ಮಾತು ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಅಲ್ಲಿಯವರೆಗೆ ಇನ್ನೊಂದು ಮಾತು ಆಡಬೇಡಿ. ಚಪ್ಪಾಳೆ ಬೇಡ. ಆ ಹತ್ತು ಎಣಿಸುವುದೇ ಅವರಿಗೆ ತುಂಬಾ ಕಷ್ಟ ಆಯಿತು. ಮಗು ಸುಮ್ಮನೆ ನಿಂತರೆ ಕೇಳಿಸಲಿಲ್ಲವೇನೋ ಅಂತ ನಾವು ಅದನ್ನೇ ಇನ್ನೂ ಜೋರಾಗಿ ಹೇಳುತ್ತೇವೆ. ಕೇಳಿಸಿರುತ್ತದೆ. ಒಳಗೆ ಅದು ಅರ್ಥವಾಗುತ್ತಾ ಇರುವಾಗಲೇ ನಮ್ಮ ಎರಡನೇ ಮಾತು ಹೋಗಿ ಮೊದಲಿನದನ್ನು ಕೆಡಿಸುತ್ತದೆ.

ಸಾಲು ಬೇಡ ಅಂದೆವು. ಸಾಲಿನಲ್ಲಿ ನಿಲ್ಲುವುದೆಂದರೆ ಹಿಂದೆ ಒಬ್ಬ, ಮುಂದೆ ಒಬ್ಬ, ಯಾವಾಗ ಮುಗಿಯುತ್ತದೋ ಗೊತ್ತಿಲ್ಲ. ಬದಲಿಗೆ ನಂಬರ್ ಬರೆದ ರಟ್ಟಿನ ಬಿಲ್ಲೆ ಕೊಟ್ಟೆವು. ಹೊರಗೆ ಈಗ ಎಷ್ಟನೇ ನಂಬರ್ ನಡೆದಿದೆ ಅಂತ ಹಲಗೆ. ಅಲ್ಲಿಯವರೆಗೆ ಬೇವಿನ ಮರದ ಕಟ್ಟೆ ಮೇಲೆ ಕೂರಬಹುದು, ಓಡಾಡಿ ಬರಬಹುದು. ಕಟ್ಟಡ ಕೆಲಸದವರು ಹಾಕಿಕೊಳ್ಳುವ ಕಿವಿಗವಚ ಮೂರು ಜೊತೆ ತಂದು ಮೊಳೆಗೆ ನೇತುಹಾಕಿದ್ದೆ. ಬೇಕಾದವರು ಹಾಕಿಕೊಳ್ಳಲಿ ಅಂತ. ಕೆಲವು ಮಕ್ಕಳಿಗೆ ಅದು ವರ. ನಮ್ಮ ಹುಡುಗ ಮುಟ್ಟಲೂ ಇಲ್ಲ, ತಲೆ ಒತ್ತುವುದು ಅವನಿಗೆ ಆಗದು. ಒತ್ತಾಯ ಮಾಡಲಿಲ್ಲ.

ಮಳಿಗೆಗೆ ವಿಶೇಷ ಮಕ್ಕಳದ್ದು ಅಂತ ಬೋರ್ಡ್ ಹಾಕಬೇಕು ಅಂತ ಒಂದು ಮಾತು ಬಂತು. ಅಕ್ಕ ಬೇಡವೇ ಬೇಡ ಅಂದಳು. "ಚೀಲ ಎಸೆಯುವ ಆಟ" ಅಂತ ಮಾತ್ರ ಬರೆದೆವು. ಒಂದು ಸಲಕ್ಕೆ ಇಬ್ಬರು ಮಾತ್ರ ಒಳಗೆ. ಯಾರಾದರೂ ಬರಬಹುದು.

ಆ ದಿನ

ಮೇಳ ಹನ್ನೊಂದಕ್ಕೆ. ಹಾಡು ಶುರುವಾಗುವ ಮುಂಚೆ ಅರ್ಧ ಗಂಟೆ ಮಳಿಗೆಗಳನ್ನು ತೆರೆದಿಡಲು ಹೆಡ್‌ಮಿಸ್ಟ್ರೆಸ್ ಒಪ್ಪಿದ್ದರು. ಅಕ್ಕ ಹುಡುಗನನ್ನು 10:40ಕ್ಕೆ ಹಿಂದಿನ ಗೇಟಿನಿಂದ ಕರೆತಂದಳು. ಅವನು ನೇರ ಒಳಗೆ ಹೋಗಲಿಲ್ಲ. ಹೊರಗಿನ ಫೋಟೋಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದ. ಒಳಗೆ ಇಣುಕಿದ. ತಿರುಗಿ ಮರದ ಕಟ್ಟೆಗೆ ಹೋದ. ಮತ್ತೆ ಬಂದ. ಮತ್ತೆ ಹೋದ. ಮೂರನೇ ಸಲ ಬಂದು ಪಾದದ ಗುರುತಿನ ಮೇಲೆ ನಿಂತ. ಎಂಟನೇ ತರಗತಿಯ ಹುಡುಗಿ ಪಕ್ಕಕ್ಕೆ ಕೂತು, ಬುಟ್ಟಿಯ ಕಡೆ ಬೆರಳು ತೋರಿಸಿ, ಸುಮ್ಮನಿದ್ದಳು. ಅವಳ ತುಟಿ ಎಣಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಮೊದಲ ಚೀಲ ಹಲಗೆಗೆ ಬಿದ್ದು ಜಾರಿತು. ಅದು ಜಾರುವುದನ್ನು ಅವನು ತಲೆ ವಾಲಿಸಿ ನೋಡಿದ. ಎರಡನೆಯದೂ ಹಾಗೇ. ಮೂರನೆಯದನ್ನು ಎಸೆಯಲಿಲ್ಲ. ಕೈಯಲ್ಲಿ ಹಿಡಿದುಕೊಂಡು ನಡೆದುಹೋಗಿ, ಬುಟ್ಟಿಯೊಳಗೆ ಬಗ್ಗಿ ಇಟ್ಟ. ಹುಡುಗಿ ಹಾಗಲ್ಲ ಅನ್ನಲಿಲ್ಲ. ಅವನು ಖಾಲಿ ಬುಟ್ಟಿಯ ಕಡೆ ನೋಡಿ, "ಮುಗೀತು" ಅಂದ. ಪೆನ್ಸಿಲ್ ತೆಗೆದುಕೊಂಡು ಹೋಗುವ ಬಾಗಿಲಿಂದ ಹೊರಟ. ಸುತ್ತು ಹಾಕಿ ಬರುವ ಬಾಗಿಲಿಗೆ ಬಂದು ನಿಂತ. ಏಳು ಸಲ ಆಡಿದ. ಐದನೇ ಸಲಕ್ಕೆ ಚೀಲ ನೇರ ಬುಟ್ಟಿಗೆ ಬಿತ್ತು. ಆ ಇಬ್ಬರು ಮಕ್ಕಳು ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಅಲ್ಲಾಡಿಸಿದರು, ಕಿವಿ ಕೇಳದವರು ಚಪ್ಪಾಳೆ ತಟ್ಟುವ ಹಾಗೆ. ಅವನೂ ಕೈ ಅಲ್ಲಾಡಿಸಿದ.

ಹನ್ನೊಂದೂಕಾಲರ ಹೊತ್ತಿಗೆ ವೇದಿಕೆಯ ಮೇಲೆ ಯಾರೋ ಮೈಕ್ ಹಿಡಿದು ಸುಣ್ಣದ ಗೆರೆ ದಾಟಿದರು. ಕುಂಯ್ ಅಂತ ಕೂಗಿತು. ನಾನು ಮಿಕ್ಸರ್ ಕಡೆ ಓಡಿದೆ. ಹುಡುಗ ಆಗ ಎಂಟನೇ ಸಲ ಪಾದದ ಗುರುತಿನ ಮೇಲೆ ನಿಂತಿದ್ದ. ಅಕ್ಕ ಆಮೇಲೆ ಹೇಳಿದ್ದು ಇದು. ಅವನು ಕಿವಿ ಮುಚ್ಚಿಕೊಂಡ, ಕುಣಿದ ಹಾಗೆ ಎರಡು ಸಲ ಜಿಗಿದ, ಹೋಗುವ ಬಾಗಿಲ ಕಡೆ ನೋಡಿದ, ಹೊರಗೆ ಹೋದ. ಹೋದ ವರ್ಷದ ಹಾಗೆ ಮುದುಡಲಿಲ್ಲ. ಬೇವಿನ ಕಟ್ಟೆಯ ಆಚೆ ಬದಿಗೆ ಹೋಗಿ ಕೂತ. ಅಕ್ಕ ಪಕ್ಕಕ್ಕೆ ಕೂತಳು, ಏನೂ ಮಾತಾಡಲಿಲ್ಲ. ಒಂಬತ್ತು ಹತ್ತು ನಿಮಿಷ ಆಗಿರಬೇಕು. ಆಮೇಲೆ ತಾನೇ ಎದ್ದು ಬಂದ. ಬುಟ್ಟಿಯಲ್ಲಿ ಉಳಿದಿದ್ದ ಚೀಲಗಳನ್ನು ಎಸೆದು ಮುಗಿಸಿದ. ನನಗೆ ಅವನು ಏಳು ಸಲ ಆಡಿದ್ದಕ್ಕಿಂತ, ಎದ್ದು ಹೋಗಿ ತಾನಾಗಿ ಮರಳಿ ಬಂದದ್ದು ದೊಡ್ಡದು ಅನಿಸಿತು. ಅಕ್ಕನಿಗೂ ಹಾಗೇ ಅನಿಸಿತ್ತು. ಅವಳು ಅದನ್ನು ಹೇಳುವಾಗ ಎರಡು ಸಲ ನಿಲ್ಲಿಸಿದಳು.

ಆಗದೇ ಇದ್ದದ್ದೂ ಇದೆ. ಹನ್ನೆರಡೂವರೆಗೆ ಕುಣಿತ ಶುರುವಾಯಿತು. ಮೇಲ್ಛಾವಣಿಗೆ ನಾವು ಖಾದಿ ಮಾತ್ರ ಹಾಕಿದ್ದೆವು, ಕೌದಿ ಹಾಕಿದರೆ ಸೆಕೆಯಾಗುತ್ತದೆ ಅಂತ. ಶಬ್ದ ಮೇಲಿಂದ ಇಳಿಯಿತು. ಒಳಗೇ 72 ತೋರಿಸಿತು. ಆ ಹೊತ್ತಿಗೆ ಮಳಿಗೆ ಮುಚ್ಚಿದೆವು. ಮುಚ್ಚುತ್ತೇವೆ ಅಂತ ಮೊದಲೇ ಹಲಗೆಯ ಮೇಲೆ ಬರೆದಿದ್ದರಿಂದ ಯಾರಿಗೂ ಬೇಸರ ಆಗಲಿಲ್ಲ. ಇನ್ನೊಬ್ಬ ಹುಡುಗ ಬಂದಿದ್ದ, ಅವನಿಗೂ ಆಟಿಸಂ. ಆದರೆ ಅವನಿಗೆ ಶಬ್ದ ಬೇಕು, ಜಿಗಿಯಬೇಕು, ಡಿಕ್ಕಿ ಹೊಡೆಯಬೇಕು. ನಮ್ಮ ಮಳಿಗೆ ಅವನಿಗೆ ಒಂದು ನಿಮಿಷಕ್ಕೇ ಬೇಜಾರಾಯಿತು. ಒಬ್ಬರಿಗಾಗಿ ಕಟ್ಟಿದ್ದು ಇನ್ನೊಬ್ಬರಿಗೆ ಹೊಂದದು. ಚೀಲ ತುಂಬಿ ಉಳಿದಿದ್ದ ಐದು ಕಿಲೋ ಜೋಳದ ಗಂಟನ್ನು ಅವನ ಕೈಗೆ ಕೊಟ್ಟು, ಮರದವರೆಗೆ ಹೊತ್ತುಕೊಂಡು ಹೋಗಿ ಬಾ ಅಂದೆ. ಅದನ್ನು ಅವನು ಖುಷಿಯಿಂದ ನಾಲ್ಕು ಸಲ ಮಾಡಿದ. ಮುಂದಿನ ವರ್ಷ ಅವನಿಗೆ ಬೇರೆಯೇ ಒಂದು ಕಟ್ಟಬೇಕು.

ಮತ್ತೆ, ನಾವು ಎಣಿಸದೇ ಇದ್ದವರೂ ಬಂದರು. ಒಂದನೇ ತರಗತಿಯ ಒಂದು ಹುಡುಗಿ, ಗದ್ದಲಕ್ಕೆ ಹೆದರಿ ಅಜ್ಜಿಯ ಸೆರಗು ಬಿಡದವಳು. ಒಬ್ಬ ತಾಯಿ, ಎಳೆಗೂಸನ್ನು ಮಲಗಿಸಲು ನೆರಳು ಹುಡುಕುತ್ತಾ ಬಂದವರು. ಹತ್ತನೇ ತರಗತಿಯ ಒಬ್ಬ ಹುಡುಗ ಬಂದು, ಮೂರು ಚೀಲ ಎಸೆದು, ಪೆನ್ಸಿಲ್ ಬೇಡ ಅಂದ. ಇಲ್ಲೇ ಸ್ವಲ್ಪ ಹೊತ್ತು ಕೂರಲಾ ಅಂತ ಕೇಳಿದ.

ಸಂಜೆ ಪೆಂಡಾಲ್ ಬಿಚ್ಚುವಾಗ ಅಕ್ಕ ಹುಡುಗನನ್ನು ಮತ್ತೆ ಕರೆತಂದಳು, ಮಳಿಗೆ ಇಲ್ಲದಾಗುವುದನ್ನು ಅವನು ಕಣ್ಣಾರೆ ನೋಡಲಿ ಅಂತ. ಅವನು ಮೂರು ಚೀಲವನ್ನೂ ತಂದು ಎಡಗಡೆಯ ಬುಟ್ಟಿಗೆ ಹಾಕಿದ. ನಾವು ಕೌದಿ ಇಳಿಸಿ ಮಡಚಿದೆವು. ಮನೆಗೆ ಒಯ್ದು ಟ್ರಂಕಿಗೆ ಹಾಕುವಾಗ ಅವ್ವ ಡಾಂಬರು ಗುಳಿಗೆಯ ಡಬ್ಬಿ ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಅಂಗಳಕ್ಕೆ ಹೋಗಿ ಬೇವಿನ ಸೊಪ್ಪು ಕಿತ್ತು ತಂದು, ಒಣಗಲೆಂದು ಮೊರದಲ್ಲಿ ಹರವಿದಳು.